ಚುಕ್ಕಿ ಎಲ್ಲಿ ಇಡಲಿ ಹೇಳಿ?

ಮಂಗಳವಾರದಿಂದ ಈ ಒಂದು ಮಾತು ತಲೆಯಿಂದ ಹೋಗ್ತಾ ಇಲ್ಲ. ದಾವಣಗೆರೆ ಹೊರಗಿನ ಒಂದು ಎಣ್ಣೆ ಪ್ಯಾಕಿಂಗ್ ಘಟಕದಲ್ಲಿ ನಾನು ಕ್ವಾಲಿಟಿ ನೋಡುವವನು. ಆಪರೇಟರ್ ಅಣ್ಣ ಗಂಟೆಗೊಮ್ಮೆ ಐದು ಪೌಚ್ ತೂಗಿ, ಮೆಷಿನ್ ಒಂದೇ ಸಮನೆ ತುಂಬುತ್ತಿದೆಯಾ ಅಂತ ತೋರಿಸುವ ಕಂಟ್ರೋಲ್ ಚಾರ್ಟ್‌ನಲ್ಲಿ ಸರಾಸರಿಗೆ ಒಂದು ಚುಕ್ಕಿ ಇಡಬೇಕು. ಐದರಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ವ್ಯತ್ಯಾಸ, ಅಂದರೆ ರೇಂಜ್, ಅದರ ಕೆಳಗಿನ ಚಾರ್ಟ್‌ಗೆ.

ಸರಾಸರಿಯ ಚಾರ್ಟ್‌ನ ಮೇಲಿನ ಗೆರೆ, ಕೆಳಗಿನ ಗೆರೆ ಯಾರೋ ಆಸೆಪಟ್ಟು ಎಳೆದದ್ದಲ್ಲ. ಮೆಷಿನ್ ನೆಟ್ಟಗಿದ್ದಾಗ ತೂಗಿದ ಲೆಕ್ಕದಿಂದ ಬಂದಿದ್ದು. ನಮ್ಮದರಲ್ಲಿ ಸರಾಸರಿ 912 ಗ್ರಾಂ, ರೇಂಜ್ ಸರಾಸರಿ 5. ಐದೈದು ಪೌಚ್ ತೂಗುವಾಗ ರೇಂಜನ್ನು 0.577ರಿಂದ ಗುಣಿಸಬೇಕು, ಸುಮಾರು 2.9 ಬರುತ್ತೆ. ಅದನ್ನು 912ಕ್ಕೆ ಕೂಡಿಸಿದರೆ ಮೇಲಿನ ಗೆರೆ 914.9, ಕಳೆದರೆ ಕೆಳಗಿನದು 909.1. ನಮ್ಮ ಮ್ಯಾನೇಜರ್‌ಗೆ ಇದು ಎಷ್ಟು ಸಲ ಹೇಳಿದರೂ ಅಷ್ಟೇ, ಅವರ ಪಾಲಿಗೆ ಆ ಗೆರೆ ಅಂದ್ರೆ ಪರೀಕ್ಷೆಯ ಪಾಸ್ ಮಾರ್ಕು.

ಮಂಗಳವಾರ ಹಾಳೆ ನೋಡಿದೆ. ಸಾಲಾಗಿ 15 ಚುಕ್ಕಿ, ಎಲ್ಲಾ 911ರಿಂದ 913ರ ಒಳಗೆ, ನಡುಗೆರೆಗೆ ಅಂಟಿಕೊಂಡು. ಒಂದೂ ಹೊರಗಿಲ್ಲ, ಖುಷಿಪಡಬೇಕಿತ್ತು ಅಲ್ವಾ? ಆದರೆ ನಡುಗೆರೆಯ ಆ ಕಡೆ ಈ ಕಡೆ ಒಂದು ಗ್ರಾಂ ಒಳಗೆ ಹತ್ತರಲ್ಲಿ ಏಳು ಚುಕ್ಕಿ ಬಂದರೆ ಅದು ಸಹಜ. ಹದಿನೈದಕ್ಕೆ ಹದಿನೈದೂ ಬರೋದು ಸುಮಾರು 200ಕ್ಕೆ ಒಂದು ಸಲ. ಕೆಳಗೆ ನೋಡಿದರೆ ರೇಂಜ್ ಬರೀ 1, 2, 2, 1.

ನಾನೇ ನಿಂತು ಐದು ತೂಗಿದೆ: 909, 914, 911, 916, 910. ಸರಾಸರಿ 912, ರೇಂಜ್ 7. ಅಣ್ಣ ಬರೆದಿದ್ದು: 912, 911, 912, 913, 912. ಸರಾಸರಿ ಅದೇ 912! ರೇಂಜ್ ಮಾತ್ರ 2. ತೂಗದೆಯೇ ಐದನ್ನೂ ಸುಮ್ನೆ 912ರ ಪಕ್ಕಪಕ್ಕದಲ್ಲಿ ಬರೆದುಬಿಡುತ್ತಿದ್ದರು. ಆ ಒಂದು ಸರಾಸರಿಯನ್ನೇ ನೋಡಿ ಇದನ್ನು ಹಿಡಿಯೋದು ಕಷ್ಟ.

ಕೇಳಿದ್ದಕ್ಕೆ ಅವರು ಸಿಟ್ಟೂ ಮಾಡಲಿಲ್ಲ. "ಸರ, ಚುಕ್ಕಿ ಹೊರಗೆ ಹೋದ್ರೆ ಮ್ಯಾನೇಜರ್ ಬೈತಾರೆ. ಒಳಗಿದ್ರೆ ನೀವು ಅನುಮಾನ ಪಡ್ತೀರಿ. ಎಲ್ಲಿ ಇಡಲಿ ಹೇಳಿ?"

ಹೋದ ತಿಂಗಳು ಒಂದು ಚುಕ್ಕಿ ಕೆಳಗೆ ಬಿದ್ದಿತ್ತು. ಮ್ಯಾನೇಜರ್ ಎಲ್ಲರೆದುರು ಕೂಗಾಡಿದರು. ನಾಜಲ್ ಸೋರುತ್ತಿದೆಯಾ, ಎಣ್ಣೆ ಟ್ಯಾಂಕಿನ ಮಟ್ಟ ಇಳಿದಿದೆಯಾ ಅಂತ ಯಾರೂ ಮೆಷಿನ್ ಹತ್ತಿರ ಹೋಗಲಿಲ್ಲ. ನಾನೂ ಹೋಗಲಿಲ್ಲ. ಕೂಗಾಟ ಮುಗಿಯಲಿ ಅಂತ ಹೊರಗೆ ಮಿರ್ಚಿ ಮಂಡಕ್ಕಿ ತಿನ್ನುತ್ತಾ ನಿಂತಿದ್ದೆ. ಆಮೇಲೆ ಬಂದ ಚೆಂದದ ಹಾಳೆಗಳಿಗೆಲ್ಲ ಸಹಿ ಹಾಕಿದ್ದೂ ನಾನೇ, ರೇಂಜಿನ ಕಡೆ ಕಣ್ಣು ಹಾಯಿಸದೆ. ಹೀಗಿರುವಾಗ ಅಣ್ಣನಿಗೆ ಯಾವ ಬಾಯಲ್ಲಿ ಬುದ್ಧಿ ಹೇಳಲಿ? "ಮೆಷಿನ್ ಎಲ್ಲಿ ಇಡುತ್ತೋ ಅಲ್ಲಿ ಇಡಿ, ಬೈಗುಳ ನನಗಿರಲಿ" ಅಂದೆ. ಅವರು ನಕ್ಕರು, ನಂಬಿದ ನಗು ಅಲ್ಲ.

ಗುರುವಾರದ ಹಾಳೆ ಬಂತು. ರೇಂಜ್ 6, 4, 8, 5, 3. ಮೂರನೇ ಚುಕ್ಕಿ 908.6, ಕೆಳಗಿನ ಗೆರೆಯಿಂದ ಆಚೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ನಾಜಲ್ ವಾಷರ್ ಸವೆದಿದೆ, ಬದಲಿಸಿದೆ" ಅಂತ ಬರೆದಿದ್ದಾರೆ. ಮ್ಯಾನೇಜರ್ ರಜೆಯಲ್ಲಿದ್ದಾರೆ, ಸೋಮವಾರ ಬರುತ್ತಾರೆ.