ಜಗಲಿಯ ಮೋಡೆಮ್, ಚಾವಡಿಯ ರೂಟರ್

ಪೆರ್ಲದ ಹತ್ತಿರ ನಮ್ಮ ಮನೆ. ಅಜ್ಜನ ಕಾಲದ್ದು, ಮುರಕಲ್ಲಿನ ದಪ್ಪ ಗೋಡೆ. ಫೈಬರ್ ಕೇಬಲ್ ಅಡಿಕೆ ತೋಟ ದಾಟಿ ಬಂದು ಜಗಲಿಯ ಮೂಲೆಗೆ ಸೇರುತ್ತದೆ. ಕಂಪೆನಿಯವರು ಕೊಟ್ಟ ಪೆಟ್ಟಿಗೆಯನ್ನು ಅಲ್ಲೇ ಗೋಡೆಗೆ ಹೊಡೆದಿದ್ದಾರೆ. ಮೋಡೆಮೂ ಅದೇ, ವೈಫೈ ರೂಟರೂ ಅದೇ. ಜಗಲಿಯಲ್ಲಿ ಕೂತರೆ ನೆಟ್ ಚೆನ್ನಾಗಿ ಬರುತ್ತದೆ. ಎರಡು ಗೋಡೆ ದಾಟಿ ಒಳಕೋಣೆಗೆ ಹೋದರೆ ಒಂದೇ ಕಡ್ಡಿ. ಮಗಳು ಅಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳುವಾಗ ಅರ್ಧ ಮಾತು ತುಂಡಾಗುತ್ತಿತ್ತು.

ಹಾಗಾಗಿ ನಾನೊಂದು ಒಳ್ಳೆಯ ರೂಟರ್ ತಂದೆ. ಅಟ್ಟದ ಮೇಲಿಂದ ಹದಿನೈದು ಮೀಟರ್ ಲ್ಯಾನ್ ಕೇಬಲ್ ಎಳೆದು ಚಾವಡಿಯಲ್ಲಿ, ಮನೆಯ ನಟ್ಟ ನಡುವೆ ಇಟ್ಟೆ. ವೈಫೈ ಎಲ್ಲಾ ಕಡೆ ಬಂತು. ಆದರೆ ಜಗಲಿಯ ಪೆಟ್ಟಿಗೆ ದಿನಕ್ಕೊಮ್ಮೆ ಹ್ಯಾಂಗ್ ಆಗುವುದು ಮಾತ್ರ ನಿಲ್ಲಲಿಲ್ಲ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸರಿ, ಮರುದಿನ ಮತ್ತೆ ಅದೇ ಕಥೆ.

ನನ್ನ ರೂಟರಿನ ಇಂಟರ್‌ನೆಟ್ ವಿಳಾಸ ನೋಡಿದಾಗ ವಿಷಯ ಗೊತ್ತಾಯಿತು. ಅಲ್ಲಿ 192.168.1.5 ಅಂತ ಇತ್ತು. 192.168ರಿಂದ ಶುರುವಾಗುವುದು ಮನೆಯೊಳಗಿನ ವಿಳಾಸ. ಅಂದರೆ ನನ್ನ ರೂಟರಿಗೆ ವಿಳಾಸ ಕೊಟ್ಟದ್ದು ಕಂಪೆನಿ ಅಲ್ಲ, ಜಗಲಿಯ ಪೆಟ್ಟಿಗೆ. ಮನೆಯ ಫೋನು, ಟಿವಿ, ಕ್ಯಾಮರಾಗಳ ಲೆಕ್ಕವನ್ನು ಮೊದಲು ನನ್ನ ರೂಟರ್ ಇಡುತ್ತದೆ, ಆಮೇಲೆ ಅದೇ ಲೆಕ್ಕವನ್ನು ಆ ಪೆಟ್ಟಿಗೆಯೂ ಇನ್ನೊಮ್ಮೆ ಇಡುತ್ತದೆ. ಬರೀ ವೈಫೈ ದೂರ ಹೋಗಲಿ ಅನ್ನುವವರು ಹೊಸ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಇಟ್ಟರೆ ಸಾಕು, ಬೇರೇನೂ ಬೇಡ. ಆದರೆ ನನಗೆ ಆ ಪೆಟ್ಟಿಗೆಯ ತಲೆಯಿಂದಲೇ ಭಾರ ಇಳಿಸಬೇಕಿತ್ತು. ಅದಕ್ಕಿರುವ ದಾರಿ ಬ್ರಿಡ್ಜ್ ಮೋಡ್. ಆಗ ಮೋಡೆಮ್ ಫೈಬರಿನ ಬೆಳಕನ್ನು ಲ್ಯಾನ್ ಕೇಬಲಿಗೆ ದಾಟಿಸುತ್ತದೆ, ಅಷ್ಟೇ. PPPoE ಅನ್ನುವ ವಿಧಾನದಲ್ಲಿ ಕಂಪೆನಿಗೆ ಲಾಗಿನ್ ಆಗುವುದು, ವಿಳಾಸ ಹಂಚುವುದು, ವೈಫೈ ಕೊಡುವುದು ಎಲ್ಲಾ ನಮ್ಮ ರೂಟರಿನ ಕೆಲಸ.

ಭಾನುವಾರ ಬೆಳಿಗ್ಗೆ ಊರಿನ ಕೇಬಲ್ ಹುಡುಗನಿಗೆ ಫೋನ್ ಮಾಡಿದೆ. "ಅಣ್ಣಾ, PPPoE ಯೂಸರ್‌ನೇಮ್, ಪಾಸ್‌ವರ್ಡ್ ವಾಟ್ಸಾಪ್ ಮಾಡ್ತೇನೆ. ಆದ್ರೆ ವಾಯ್ಸ್ ಲೈನನ್ನು ಮಾತ್ರ ಮುಟ್ಬೇಡಿ" ಅಂದ. ಒಳ್ಳೆಯ ಮಾತು ಹೇಳಿದ. ಅಮ್ಮನ ಲ್ಯಾಂಡ್‌ಲೈನ್ ಅದೇ ಪೆಟ್ಟಿಗೆಯ ಹಿಂದಿನ ತೂತಿನಿಂದ ಬರುತ್ತದೆ. ಮೋಡೆಮ್ ಒಳಗೆ ಇಂಟರ್‌ನೆಟ್ಟಿಗೊಂದು, ಫೋನಿಗೊಂದು ಅಂತ ಬೇರೆ ಬೇರೆ ಕನೆಕ್ಷನ್ ಇರುತ್ತದೆ. ಇಂಟರ್‌ನೆಟ್ಟಿನದ್ದನ್ನು ಮಾತ್ರ ಬದಲಾಯಿಸಬೇಕು.

ಲ್ಯಾಪ್‌ಟಾಪನ್ನು ಕೇಬಲಿನಿಂದ ಮೋಡೆಮಿಗೆ ಜೋಡಿಸಿ 192.168.1.1 ತೆರೆದೆ. ಏನನ್ನೂ ಮುಟ್ಟುವ ಮೊದಲು WAN ಪುಟ, ಅಂದರೆ ಹೊರಗಿನ ಕನೆಕ್ಷನಿನ ಸೆಟ್ಟಿಂಗ್ ಇರುವ ಪುಟ, ಪೂರ್ತಿ ಮೊಬೈಲಿನಲ್ಲಿ ಫೋಟೋ ತೆಗೆದೆ. ಈ ಕೆಲಸಕ್ಕೆ ಕೈ ಹಾಕುವ ಯಾರೇ ಆಗಲಿ ಇದನ್ನು ಬಿಡಬಾರದು. ಯಾಕಂದರೆ ಒಮ್ಮೆ ಬದಲಾಯಿಸಿದ ಮೇಲೆ ಹಳೆಯ ನಂಬರ್ ಹುಡುಕಲು ನೆಟ್ಟೇ ಇರುವುದಿಲ್ಲ. ನಮ್ಮ ಕನೆಕ್ಷನಿನ ಹೆಸರು ಹೀಗಿತ್ತು:

```
1_INTERNET_R_VID_100
```

ನಡುವಿನ R ಅಂದರೆ ರೂಟ್. ಕೊನೆಯ 100 ನಮ್ಮ VLAN ನಂಬರ್. ಒಂದೇ ಫೈಬರಿನಲ್ಲಿ ಇಂಟರ್‌ನೆಟ್, ಫೋನ್ ಎಲ್ಲಾ ಓಡುತ್ತದಲ್ವಾ, ಯಾವುದು ಯಾವುದು ಅಂತ ಗುರುತಿಸಲು ಹಚ್ಚುವ ಚೀಟಿ ಅದು. ಈ ನಂಬರ್ ಒಬ್ಬೊಬ್ಬ ಕಂಪೆನಿಯವರದ್ದು ಒಂದೊಂದು. Route ಇದ್ದದ್ದನ್ನು Bridge ಮಾಡಿ, LAN1 ಎದುರು ಟಿಕ್ ಹಾಕಿ ಸೇವ್ ಮಾಡಿದೆ. ಹೆಸರಿನಲ್ಲಿ R ಹೋಗಿ B ಬಂತು. ಚಾವಡಿಯ ಕೇಬಲನ್ನು ಮೋಡೆಮಿನ LAN1ಗೆ ಸಿಕ್ಕಿಸಿದೆ. ನನ್ನ ರೂಟರಿನಲ್ಲಿ PPPoE ಆರಿಸಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿದೆ. ಅಲ್ಲೂ VLAN ಅಂತ ಒಂದು ಜಾಗ ಕಂಡಿತು. 100 ಅಂತ ತುಂಬಿದೆ.

ಕನೆಕ್ಟ್ ಆಗಲೇ ಇಲ್ಲ. ಪಾಸ್‌ವರ್ಡ್ ಮೂರು ಸಲ ಹೊಸದಾಗಿ ಟೈಪ್ ಮಾಡಿದೆ. ಹೊರಗೆ ಮಳೆ ಜಡಿ ಹಿಡಿದಿತ್ತು, ಫೈಬರೇ ತುಂಡಾಗಿದೆಯೋ ಅಂತ ಜಗಲಿಗೆ ಹೋಗಿ ನೋಡಿದೆ. ಫೈಬರ್ ಸಂಪರ್ಕ ತೋರಿಸುವ PON ದೀಪ ಹಸಿರಾಗಿ ನಿಂತಿತ್ತು, ಬೆಳಕು ತಪ್ಪಿದರೆ ಉರಿಯುವ LOS ಕೆಂಪು ಇಲ್ಲ. ಲೈನ್ ಸರಿ ಇದೆ. ಆಮೇಲೆ ರೂಟರಿನ ಲಾಗ್ ತೆರೆದೆ:

```
Timeout waiting for PADO packets
```

ಆ ಒಂದು ಸಾಲು ಎಲ್ಲಾ ಹೇಳಿತು. PPPoEಯಲ್ಲಿ ನಮ್ಮ ರೂಟರ್ ಮೊದಲು PADI ಕಳಿಸಿ "ಅಲ್ಲಿ ಯಾರಾದರೂ ಇದ್ದೀರಾ" ಅಂತ ಕೂಗುತ್ತದೆ. ಕಂಪೆನಿಯ ಕಡೆಯಿಂದ PADO ಅನ್ನುವ ಓಗೊಡುವಿಕೆ ಬರಬೇಕು. ಅದು ಬಂದ ಮೇಲೆಯೇ ಪಾಸ್‌ವರ್ಡಿನ ಮಾತು. ನನ್ನ ಕೂಗೇ ಅವರಿಗೆ ಮುಟ್ಟಿರಲಿಲ್ಲ. ಹಾಗಾದರೆ ಪಾಸ್‌ವರ್ಡ್ ತಿದ್ದಿ ಪ್ರಯೋಜನವಿಲ್ಲ, ತಪ್ಪು VLANನಲ್ಲೋ ಪೋರ್ಟಿನಲ್ಲೋ ಇರಬೇಕು.

ಪೋರ್ಟ್ ಸರಿಯಾಗಿತ್ತು. VLAN ಎರಡು ಕಡೆ ಹಾಕಿದ್ದೇ ಎಡವಟ್ಟು. 100ರ ಚೀಟಿಯನ್ನು ಮೋಡೆಮ್ ತಾನೇ ಹಚ್ಚುತ್ತದೆ. ನನ್ನ ರೂಟರ್ ಮೊದಲೇ ಹಚ್ಚಿ ಕಳಿಸಿದ್ದರಿಂದ LAN1ಗೆ ಅದರ ಗುರುತೇ ಸಿಗಲಿಲ್ಲ. ಮೋಡೆಮಿನಲ್ಲಿ ನಂಬರ್ ಇದ್ದರೆ ನಮ್ಮ ರೂಟರಿನಲ್ಲಿ ಅದು ಇರಬಾರದು. ಅಲ್ಲಿಂದ ತೆಗೆದೆ.

ಈ ಸಲ ಲಾಗಿನಲ್ಲಿ PADO ಬಂತು, ಅದರ ಕೆಳಗೆ `PAP authentication failed`, ಅಂದರೆ ಲಾಗಿನ್ ಒಪ್ಪಲಿಲ್ಲ. ನನಗೆ ಖುಷಿಯೇ ಆಯಿತು. ಬಾಗಿಲ ತನಕ ಮುಟ್ಟಿದ್ದೇನೆ ಅಂತ ಅರ್ಥ. ಹುಡುಗನಿಗೆ ಮತ್ತೆ ಫೋನ್. "ಹಳೇ ಮ್ಯಾಕ್ ಹಿಡ್ಕೊಂಡಿದೆ ಅಣ್ಣಾ, ಕ್ಲಿಯರ್ ಮಾಡ್ತೇನೆ" ಅಂದ. ಮ್ಯಾಕ್ ವಿಳಾಸ ಅಂದರೆ ಯಂತ್ರದ ಗುರುತಿನ ನಂಬರ್. ನಮ್ಮ ಅಕೌಂಟನ್ನು ಮೋಡೆಮಿನ ಆ ನಂಬರಿಗೆ ಕಟ್ಟಿ ಹಾಕಿದ್ದರು. ಎರಡು ನಿಮಿಷದಲ್ಲಿ ನೆಟ್ ಬಂತು. ಅಮ್ಮನ ಫೋನ್ ಎತ್ತಿ ನೋಡಿದೆ, ಡಯಲ್ ಟೋನ್ ಇತ್ತು.

ಉಳಿದದ್ದು ಸಣ್ಣ ಕೆಲಸ. ಮೋಡೆಮಿನ ವೈಫೈ ಆಫ್ ಮಾಡಿದೆ. ಮಾಡದಿದ್ದರೆ ಫೋನುಗಳು ಅದಕ್ಕೇ ಅಂಟಿಕೊಂಡು ನೆಟ್ ಇಲ್ಲ ಅನ್ನುತ್ತವೆ. ಹಳೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಹಾಗೇ ಹೊಸ ರೂಟರಿಗೆ ಕೊಟ್ಟೆ. ಟಿವಿ, ಕ್ಯಾಮರಾ, ಎಲ್ಲರ ಮೊಬೈಲು ಯಾರೂ ಮುಟ್ಟದೆ ತಾವಾಗಿ ಸೇರಿಕೊಂಡವು. ರೂಟರಿನ ಸ್ವಂತ ವಿಳಾಸವನ್ನು 192.168.0.1 ಮಾಡಿದೆ, ಮೋಡೆಮಿನದ್ದಕ್ಕೆ ತಾಗಬಾರದಲ್ವಾ. ಜಗಲಿಯ ಪೆಟ್ಟಿಗೆ ಅಲ್ಲಿಂದೀಚೆಗೆ ಹ್ಯಾಂಗ್ ಆಗಿಲ್ಲ.

ಒಂದು ಆಸೆ ಮಾತ್ರ ಕೈಗೂಡಲಿಲ್ಲ. ಅಂಗಳದ ಕ್ಯಾಮರಾವನ್ನು ಹೊರಗಿನಿಂದ ನೇರವಾಗಿ ನೋಡಬಹುದು ಅಂದುಕೊಂಡಿದ್ದೆ. ಈಗ ರೂಟರಿಗೆ ಸಿಕ್ಕಿದ ವಿಳಾಸ 100.72ರಿಂದ ಶುರುವಾಗುತ್ತದೆ. 100.64ರಿಂದ 100.127ರ ತನಕದ ವಿಳಾಸ ಅಂದರೆ ಕಂಪೆನಿಯವರೇ ಒಂದು ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಅಂತ. ಅದನ್ನು ಬ್ರಿಡ್ಜ್ ಮೋಡ್ ಸರಿ ಮಾಡುವುದಿಲ್ಲ. ಬೇಕಾದರೆ ಅವರಲ್ಲೇ ಪಬ್ಲಿಕ್ ಐಪಿ ಕೇಳಬೇಕು.

ಎರಡು ತಿಂಗಳ ಮೇಲೆ ಒಂದು ಸಂಜೆ ನೆಟ್ ಹೋಯಿತು. ಲಾಗಿನಲ್ಲಿ ಮತ್ತೆ PADO ಬರಲಿಲ್ಲ ಅನ್ನುವ ಅದೇ ಸಾಲು. ಅಷ್ಟರಲ್ಲಿ ಮಗಳು, "ಅಪ್ಪಾ, ಇದ್ಯಾವ್ದೋ ಹೊಸ ವೈಫೈ ತೋರಿಸ್ತಾ ಇದೆ" ಅಂದಳು. ನೋಡಿದರೆ ಮೋಡೆಮಿನ ಅಡಿಯ ಸ್ಟಿಕ್ಕರಿನಲ್ಲಿರುವ ಹೆಸರು. ಕಂಪೆನಿಯವರು ದೂರದಿಂದಲೇ ಅದನ್ನು ರೀಸೆಟ್ ಮಾಡಿದ್ದರು, ಅದು ಮತ್ತೆ ರೂಟರ್ ಆಗಿ ಕೂತಿತ್ತು. ಮೊಬೈಲಿನ ಹಳೆಯ ಫೋಟೋ ತೆರೆದು, ಲ್ಯಾಪ್‌ಟಾಪ್ ಹಿಡಿದು ಜಗಲಿಗೆ ಹೋದೆ. ಅಮ್ಮ ದೀಪ ಹಚ್ಚಿ ಬರುವಷ್ಟರಲ್ಲಿ R ಮತ್ತೆ B ಆಗಿತ್ತು.