ಸೀರೆ ಅಂಗಡಿ ಕವರಿನ ತುಂಬ ನಾರ್ಮಲ್ ರಿಪೋರ್ಟು

"ಸಾರ್, ಇಷ್ಟೊಂದು ಮಾತಾಡೋ ಬದಲು ಇನ್ನೊಂದು ಸ್ಕ್ಯಾನ್ ಬರೆದುಬಿಟ್ರೆ ಏನ್ ಹೋಗುತ್ತೆ? ಪೇಷೆಂಟ್‌ಗೂ ಸಮಾಧಾನ, ನಮಗೂ ಸೇಫ್ ಅಲ್ವಾ?"

ಪೇಷೆಂಟ್‌ಗೆ ಸಮಾಧಾನ ಆಗಲ್ಲ ಕಣ್ರಪ್ಪಾ. ನಿಮಗೆ ಆಗುತ್ತೆ. ಅದೂ ಒಂದು ವಾರ.

ಚಿಕ್ಕಬಳ್ಳಾಪುರದ ನಮ್ಮ ಆಸ್ಪತ್ರೆಗೆ ಹೊಸ ಡಾಕ್ಟರಾಗಿ ಬರೋ ಪ್ರತಿಯೊಬ್ಬ ಹುಡುಗ, ಪ್ರತಿಯೊಬ್ಬ ಹುಡುಗಿ, ಟೆಸ್ಟೆಲ್ಲ ನಾರ್ಮಲ್ ಬಂದ್ರೂ ನೋವು ಹೋಗದ ಪೇಷೆಂಟ್ ಎದುರಿಗೆ ಕೂತಾಗ, ಮೂರನೇ ವಾರಕ್ಕೆ ಸರಿಯಾಗಿ ಇದನ್ನ ಕೇಳ್ತಾರೆ, ಅದೂ ಓಪಿಡಿಯಲ್ಲಿ ಎಪ್ಪತ್ತು ಜನ ನಿಂತಿರೋವಾಗ, ಕೈಯಲ್ಲಿ ಪೆನ್ನು ಹಿಡ್ಕೊಂಡೇ. ನನಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದು ಹಾಕ್ತಿದೀನಿ, ಇನ್ಮೇಲೆ ಲಿಂಕ್ ಕಳಿಸ್ತೀನಿ, ಓದ್ಕೊಳಿ.

ನನಗೆ ಜಾಸ್ತಿ ಸಿಟ್ಟು ಬರೋದು ಆ "ಏನ್ ಹೋಗುತ್ತೆ" ಅನ್ನೋ ಮಾತಿಗೆ. ಏನ್ ಹೋಗುತ್ತೆ ಅಂತ ಹೇಳ್ತೀನಿ ಕೇಳಿ.

ಶಿಡ್ಲಘಟ್ಟದ ಕಡೆಯಿಂದ ಒಬ್ಬ ಅಮ್ಮ ಬರ್ತಿದ್ರು, ನಲವತ್ತು ದಾಟಿರೋರು, ರೇಷ್ಮೆ ರೀಲಿಂಗ್ ಕೆಲಸ. ಬಿಸಿನೀರಲ್ಲಿ ಗೂಡು ಹಾಕಿ ಬೆಳಿಗ್ಗೆಯಿಂದ ಸಂಜೆವರೆಗೂ ಮುಂದಕ್ಕೆ ಬಗ್ಗಿ ನೂಲೆಳೀಬೇಕು. ಮೂರು ವರ್ಷದಿಂದ ಎದೆ ಹಿಡ್ಕೊಳುತ್ತೆ, ಹೊಟ್ಟೆ ಉಬ್ಬುತ್ತೆ, ಗ್ಯಾಸು ತಲೆಗೆ ಏರುತ್ತೆ, ಬೆನ್ನು ನೋವು. ಕೈಯಲ್ಲಿ ಸೀರೆ ಅಂಗಡಿಯ ದಪ್ಪ ಕವರು. ಮೇಜಿನ ಮೇಲೆ ಸುರಿದ್ರು: ಹನ್ನೊಂದು ಇಸಿಜಿ, ಓಡಿಸಿ ಹಾರ್ಟ್ ನೋಡೋ ಟಿಎಂಟಿ ಒಂದು, ಎರಡು ಎಕೋ, ಹೊಟ್ಟೆ ಸ್ಕ್ಯಾನ್ ನಾಲ್ಕು, ಎಂಡೋಸ್ಕೋಪಿ ಮೂರು, ಸೊಂಟದ ಎಂಆರ್‌ಐ ಒಂದು. ಮೊದಲನೇ ಇಸಿಜಿ, ಟಿಎಂಟಿ ಮಾಡಿಸಿದ್ದು ತಪ್ಪು ಅಂತ ನಾನು ಯಾವತ್ತೂ ಅನ್ನಲ್ಲ, ಎದೆನೋವು ಅಂದ್ರೆ ಮಾಡಿಸ್ಲೇಬೇಕು. ಹನ್ನೊಂದನೇದು ಯಾರ ಸಮಾಧಾನಕ್ಕೆ?

ಎಂಆರ್‌ಐ ರಿಪೋರ್ಟಲ್ಲಿ "ಡಿಸ್ಕ್ ಬಲ್ಜ್" ಅಂತ, ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಉಬ್ಬಿದೆ ಅಂತ ಒಂದು ಲೈನ್ ಇತ್ತು. ನೋವೇ ಇಲ್ಲದ ನಲವತ್ತು ವರ್ಷದವರನ್ನ ಹಿಡ್ಕೊಂಡ್ಬಂದು ಎಂಆರ್‌ಐ ಮಾಡಿದ್ರೂ ಸುಮಾರು ಅರ್ಧ ಜನರಲ್ಲಿ ಡಿಸ್ಕ್ ಬಲ್ಜ್ ಕಾಣುತ್ತೆ, ಎಂಬತ್ತರ ಹೊತ್ತಿಗೆ 100ರಲ್ಲಿ 84 ಜನಕ್ಕೆ. ತಲೆಕೂದಲು ಬೆಳ್ಳಗಾದ ಹಾಗೆ ಅದು. ಆದ್ರೆ ಅದನ್ನ ಆ ಮನೆಯವರಿಗೆ ಯಾರೂ ಹೇಳಿರ್ಲಿಲ್ಲ. ಗಂಡ ಗೂಗಲ್ ನೋಡಿ, ನರ ಒತ್ಕೊಂಡಿದೆ, ಬಗ್ಗಿದ್ರೆ ಕಾಲು ಬಿದ್ದೋಗುತ್ತೆ ಅಂತ ತೀರ್ಮಾನ ಮಾಡಿ ಕೆಲಸ ಬಿಡಿಸಿದ. ಎಂಟು ತಿಂಗಳು ಆಯಮ್ಮ ಚಾಪೆ ಮೇಲೆ ಮಲಗಿದ್ದು, ಕೂಲಿ ಹೋಯ್ತು, ಬೆನ್ನು ಇನ್ನಷ್ಟು ಹಿಡ್ಕೊಂತು. ಏನ್ ಹೋಗುತ್ತೆ ಅಂದ್ರಲ್ಲ, ಇದು ಹೋಗುತ್ತೆ.

ಇನ್ನೊಂದು ಹೇಳ್ಬೇಕು, ಮುಚ್ಚಿಟ್ಟು ಪ್ರಯೋಜನ ಇಲ್ಲ. ನಾಲ್ಕನೇ ಎಂಡೋಸ್ಕೋಪಿ ಬರೆದವನು ನಾನೇ. ಸೋಮವಾರ, ಮಧ್ಯಾಹ್ನ ಎರಡು ಗಂಟೆ, ಊಟ ಆಗಿರ್ಲಿಲ್ಲ. ನಾರ್ಮಲ್ ಬಂತು. ನಾನು ನಗ್ತಾ "ನಿಮಗೇನೂ ಇಲ್ಲಮ್ಮ, ಆರಾಮಾಗಿ ಹೋಗಿ" ಅಂದೆ. ಆಯಮ್ಮ ರಿಪೋರ್ಟ್ ಮಡಚಿ ಕವರಲ್ಲಿಟ್ಕೊಂಡು, "ಅಂಗಂದ್ರೆ ನಾನು ಸುಳ್ ಹೇಳ್ತಿದೀನಾ ಸಾ?" ಅಂದ್ರು. ನಾನು ಉತ್ತರ ಕೊಡಲಿಲ್ಲ, ಬೆಲ್ ಒತ್ತಿದೆ. ಹತ್ತು ದಿನಕ್ಕೆ ಅದೇ ನೋವು ಹೊತ್ಕೊಂಡು ವಾಪಸ್.

ಇದು ನನ್ನ ಒಬ್ಬನ ಅನುಭವ ಅಂತ ತಳ್ಳಿಹಾಕ್ಬೇಡಿ. ಗಂಭೀರ ಕಾಯಿಲೆ ಇರೋ ಸಾಧ್ಯತೆ ಕಮ್ಮಿ ಇದ್ದವರಿಗೆ ಟೆಸ್ಟ್ ಮಾಡಿ ನಾರ್ಮಲ್ ಅಂತ ತೋರಿಸಿದ್ರೆ ಭಯ ಕಮ್ಮಿ ಆಗುತ್ತಾ ಅಂತ 14 ಟ್ರಯಲ್‌ಗಳನ್ನ ಒಟ್ಟು ಹಾಕಿ ನೋಡಿದ ಒಂದು ವಿಮರ್ಶೆ 2013ರಲ್ಲಿ ಬಂತು, 3,800ಕ್ಕೂ ಜಾಸ್ತಿ ಪೇಷೆಂಟ್ಸ್. ಕಾಯಿಲೆ ಬಗೆಗಿನ ಚಿಂತೆ ಕಮ್ಮಿ ಆಗ್ಲಿಲ್ಲ, ಆತಂಕ ಕಮ್ಮಿ ಆಗ್ಲಿಲ್ಲ, ನೋವೂ ಕಮ್ಮಿ ಆಗ್ಲಿಲ್ಲ. ಆಮೇಲಿನ ವಿಸಿಟ್‌ಗಳು ಒಂಚೂರು ಕಮ್ಮಿ ಆದವು, ಅಷ್ಟೇ.

ಈಗ ಇಂಥವರ ಕಾಯಿಲೆಯ ಹೆಸರಿಗೆ ಬರೋಣ. ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್ ಅಂದ್ರೆ "ಟೆಸ್ಟಲ್ಲಿ ಏನೂ ಸಿಗದೇ ಇರೋದು" ಅಂತ ನಮ್ಮಲ್ಲಿ ಅರ್ಧ ಜನ ಇನ್ನೂ ತಿಳ್ಕೊಂಡಿದಾರೆ. ಮಾನಸಿಕ ಕಾಯಿಲೆಗಳನ್ನ ಗುರುತಿಸೋಕೆ ಬಳಸೋ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಆ ಷರತ್ತನ್ನ ತೆಗೆದುಹಾಕಿಯಾಗಿದೆ. ಈಗ ನೋಡೋದು, ಕಾಡೋ ಒಂದಾದ್ರೂ ದೇಹದ ತೊಂದರೆ ಇದೆಯಾ, ಅದರ ಬಗ್ಗೆ ಮಿತಿಮೀರಿದ ಯೋಚನೆ, ಭಯ, ಅಥವಾ ದಿನದ ಹೊತ್ತೆಲ್ಲ ಅದಕ್ಕೇ ಹೋಗೋದು ಇದೆಯಾ, ಇದು ಸಾಮಾನ್ಯವಾಗಿ ಆರು ತಿಂಗಳು ಮೀರಿ ನಡೀತಿದೆಯಾ ಅಂತ. ಹಾರ್ಟ್ ಕಾಯಿಲೆ ಇರೋರಿಗೂ ಇದು ಇರಬಹುದು. ಅಂದ್ಮೇಲೆ ಎಲ್ಲಾ ಕಾಯಿಲೆ ಇಲ್ಲ ಅಂತ ಸಾಬೀತು ಮಾಡಿ ಮುಗಿಸಿದ ಮೇಲೆ ಉಳಿಯೋ ಡಯಾಗ್ನೋಸಿಸ್ ಇದಲ್ಲ, ಕೂತು ಕೇಳಿ ಮಾಡೋ ಡಯಾಗ್ನೋಸಿಸ್. ಐದನೇ ಸ್ಕ್ಯಾನ್ ಅದಕ್ಕೆ ಏನನ್ನೂ ಸೇರಿಸಲ್ಲ.

ನೀವು ಯಾರಾದ್ರೂ ನನ್ನನ್ನ "ಟೆಸ್ಟ್ ಬರೀದೇ ಇದ್ರೆ ಆ ಹತ್ತು ನಿಮಿಷ ಏನ್ ಮಾಡ್ಲಿ ಸಾರ್?" ಅಂತ ಕೇಳಿದ್ರೆ ಟೀ ಕೊಡಿಸ್ತಿದ್ದೆ. ಯಾರೂ ಕೇಳಲ್ಲ. ಕೇಳಿದೀರ ಅಂತ್ಲೇ ಅಂದ್ಕೊಂಡು ಹೇಳ್ತೀನಿ.

ರೀಅಟ್ರಿಬ್ಯೂಷನ್ ಅಂತ ಒಂದು ವಿಧಾನ ಇದೆ, 1989ರಲ್ಲಿ ಮ್ಯಾಂಚೆಸ್ಟರಿನಲ್ಲಿ ಡೇವಿಡ್ ಗೋಲ್ಡ್‌ಬರ್ಗ್, ಲಿಂಡಾ ಗ್ಯಾಸ್ಕ್ ಮತ್ತೆ ಅವರ ಜೊತೆಯವರು ಫ್ಯಾಮಿಲಿ ಡಾಕ್ಟರುಗಳಿಗೆ ಅಂತ ಮಾಡಿದ್ದು. ಮೊದಲು ಪೇಷೆಂಟ್‌ಗೆ "ಇವನಿಗೆ ನನ್ನ ನೋವು ಅರ್ಥ ಆಯ್ತು" ಅನ್ನಿಸ್ಬೇಕು, ಆಮೇಲೆ ಮಾತನ್ನ ಸ್ವಲ್ಪ ಅಗಲ ಮಾಡ್ಬೇಕು, ಆಮೇಲೆ ದೇಹಕ್ಕೂ ಬದುಕಿಗೂ ಗಂಟು ಹಾಕ್ಬೇಕು. ಕೊನೆಗೆ ಮುಂದೇನು ಅಂತ ಇಬ್ರೂ ಒಪ್ಕೋಬೇಕು.

ಆಯಮ್ಮ ವಾಪಸ್ ಬಂದ ದಿನ ನಾನು ಕವರ್ ಮುಟ್ಟಲಿಲ್ಲ. ನೆನ್ನೆ ಬೆಳಿಗ್ಗೆ ಎದ್ದಾಗಿಂದ ನೋವು ಹೇಗೆ ಬಂತು, ಆಗ ಏನ್ ಮಾಡ್ತಿದ್ರಿ, ಏನ್ ಅನ್ನಿಸ್ತು, ಎಲ್ಲಾ ಹೇಳಿ ಅಂದೆ. ಆಮೇಲೆ, "ಏನಿರಬಹುದು ಅಂತ ನಿಮಗೇ ಅನ್ಸುತ್ತೆ?" ಇದನ್ನ ಮೂರು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ, ನಾನೂ ಸೇರಿ. ಭಾವಮೈದ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ ಅಂದ್ರು. ರಾತ್ರಿ ಎದೆ ಹಿಡ್ಕೊಂಡ್ರೆ ಮಲಗೋಕೇ ಭಯ, ನಿದ್ದೆ ಮೂರು ಗಂಟೆ. ಈಗ ಹೇಳಿ, ಈ ಭಯಕ್ಕೆ ಎಂಡೋಸ್ಕೋಪಿ ಉತ್ತರ ಕೊಡುತ್ತಾ?

ಆಮೇಲೆ ಮಂಚದ ಮೇಲೆ ಮಲಗಿಸಿ ನೋಡಿದೆ. ಇದನ್ನ ಬಿಡ್ಬೇಡಿ, ಕೈಯಿಟ್ಟು ನೋಡದೆ ಬರೀ ಮಾತಾಡಿದ್ರೆ ಅಲ್ಲಿಗೇ ಮುಗೀತು. ಎದೆಮೂಳೆಯ ಎಡಕ್ಕೆ ಸ್ನಾಯು ಒತ್ತಿದಾಗ "ಅದೇ ಸಾ, ಅದೇ ನೋವು" ಅಂದ್ರು. ಸಿಕ್ಕಿದ್ದನ್ನ ಹೇಳಿದೆ: ನೋವು ನಿಜ, ಇಲ್ಲಿ ಮಾಂಸ ಬಿಗಿದಿದೆ, ಹಾರ್ಟ್ ಪರೀಕ್ಷೆ ಸರಿಯಾಗಿದೆ. ಜೊತೆಗೆ ನಿದ್ದೆ ಇಲ್ಲ ಅಂದ್ರಿ, ಭಾವಮೈದನ ವಿಷಯ ಅಂದ್ರಿ, ಇದಕ್ಕೂ ಅದಕ್ಕೂ ಏನಾದ್ರೂ ಇರಬಹುದಾ ಅಂತ ಕೇಳಿ ಸುಮ್ನಾದೆ. ಈ ಸುಮ್ನಿರೋದೇ ಕಷ್ಟ. ನಾವು ತಕ್ಷಣ "ಟೆನ್ಷನ್ ಜಾಸ್ತಿ ನಿಮಗೆ" ಅಂತೀವಿ, ಅವರ ಕಿವಿಗೆ ಅದು "ನಾಟಕ ಮಾಡ್ತಿದೀಯ" ಅಂತ್ಲೇ ಬೀಳುತ್ತೆ.

ಆಯಮ್ಮ ಇಲ್ಲ ಅಂತ ತಲೆ ಆಡಿಸಿದ್ರು. ಸರಿ, ಆ ಕವರನ್ನೇ ಕೈಗೆ ಕೊಟ್ಟೆ, ತೋಳು ನೇರ ಚಾಚಿ ಹಿಡ್ಕೊಳಿ ಅಂದೆ. ಮೂರು ವರ್ಷದ ರಿಪೋರ್ಟು, ಎರಡು ಕೆಜಿ ಮೇಲಿತ್ತು. ಒಂದು ನಿಮಿಷ ಆಗೋದ್ರೊಳಗೆ ಕೈ ನಡುಗೋಕೆ ಶುರು, ಭುಜ ಉರೀತಿದೆ ಅಂದ್ರು. ಕೈಗೆ ಏನ್ ಕಾಯಿಲೆ ಬಂತು ಅಂದೆ. "ಕಾಯಿಲೆ ಯಾಕ್ ಸಾ, ಹಿಡ್ಕೊಂಡಿದ್ದಕ್ಕೆ ನೋವು ಬಂತು." ಉರಿ ನಿಜಾನಾ? ನಿಜ. ಈಗ ಸ್ಕ್ಯಾನ್ ಮಾಡಿದ್ರೆ ಕಾಣುತ್ತಾ? ಆಯಮ್ಮ ಕವರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನಿದ್ದು, "ರಾತ್ರಿ ಎದೇನೂ ಇಂಗೇ ಬಿಗಿ ಹಿಡ್ಕೊಂಡಿರ್ತೀನೇನೋ" ಅಂದ್ರು. ಗಂಟು ಹಾಕಿದ್ದು ಅವರೇ, ನಾನಲ್ಲ. ನೀವು ಹಾಕಿದ್ರೆ ಬಿಚ್ಕೊಂಡೋಗುತ್ತೆ.

ಮುಂದಿನದು ತಾರೀಖು. ನೋವು ಬಂದಾಗ ಬನ್ನಿ ಅಂತ ಹೇಳ್ಬೇಡಿ, ಹಾಗಂದ್ರೆ ನೋವೇ ಓಪಿಡಿ ಚೀಟಿ ಆಗುತ್ತೆ. ನಾಲ್ಕು ವಾರಕ್ಕೆ ಒಂದು ದಿನ, ನೋವಿದ್ರೂ ಇಲ್ಲದಿದ್ರೂ, ಒಬ್ಬರೇ ಡಾಕ್ಟರು, ಪ್ರತಿ ಸಲ ಕೈಯಿಟ್ಟು ಪರೀಕ್ಷೆ, ಹೊಸ ಗುರುತು ಕಂಡ್ರೆ ಮಾತ್ರ ಟೆಸ್ಟ್. ನಾಲ್ಕರಿಂದ ಆರು ವಾರಕ್ಕೊಮ್ಮೆ ಹೀಗೆ ನೋಡಿ ಅಂತ, ಮನೋವೈದ್ಯರು ಪೇಷೆಂಟನ್ನ ಪರೀಕ್ಷಿಸಿ ಡಾಕ್ಟರಿಗೆ ಒಂದು ಸಲಹೆ ಪತ್ರ ಕಳಿಸಿದ್ದಕ್ಕೇ ಖರ್ಚು ಅರ್ಧಕ್ಕಿಂತ ಜಾಸ್ತಿ ಇಳಿದಿದ್ದನ್ನ ಅಮೆರಿಕದಲ್ಲಿ ಸ್ಮಿತ್ ಅನ್ನೋರು 1986ರಲ್ಲೇ ತೋರಿಸಿದ್ರು, ಪೇಷೆಂಟ್‌ಗಳ ಆರೋಗ್ಯ ಅದರಿಂದ ಕೆಡಲಿಲ್ಲ. ಟೆಸ್ಟ್ ಬೇಕೇ ಬೇಕಾದ್ರೆ, ನಾರ್ಮಲ್ ಬಂದ್ರೆ ಅದರ ಅರ್ಥ ಏನು ಅಂತ ಮಾಡಿಸೋ ಮುಂಚೆನೇ ಹೇಳಿ. ಎದೆನೋವಿನವರಿಗೆ ಟಿಎಂಟಿಗೆ ಮುಂಚೆ ಹಾಗೆ ಹೇಳಿದ್ರೆ ಸಮಾಧಾನ ಜಾಸ್ತಿ ಆಗುತ್ತೆ ಅಂತ 2007ರ ಒಂದು ಟ್ರಯಲ್ ಇದೆ. ನಾನು ಎಂಡೋಸ್ಕೋಪಿ ಬರೆದ ದಿನ ಇದನ್ನ ಮಾಡಿರ್ಲಿಲ್ಲ.

ಇಷ್ಟೆಲ್ಲ ಹೇಳಿ ಇದೇ ರಾಮಬಾಣ ಅಂತ ಮಾರೋಕೆ ನಾನು ಬಂದಿಲ್ಲ. ಅದೇ 2007ರಲ್ಲಿ ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ರೀಅಟ್ರಿಬ್ಯೂಷನ್ ಕಲಿಸಿ ಟ್ರಯಲ್ ಮಾಡಿದ್ರು. ಮಾತುಕತೆ ಸುಧಾರಿಸ್ತು, ಪೇಷೆಂಟ್ಸ್ ಮಾತ್ರ ಹೆಚ್ಚು ಗುಣ ಆಗ್ಲಿಲ್ಲ. ಒಂದು ಸಲ ಗಂಟು ಹಾಕಿ ಕಳಿಸಿದ್ರೆ ಆಗಲ್ಲ, ತಾರೀಖು ಕೊಟ್ಟು ಕರೀತಾ ಇರ್ಬೇಕು ಅಂತ ನಾನು ಅದನ್ನ ಓದ್ಕೊಂಡಿದೀನಿ. ಡಿಪ್ರೆಷನ್ ಇದ್ರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು, ಕೇಳದೆ ಗೊತ್ತಾಗಲ್ಲ.

ಇನ್ನೊಂದು ಕಡೆಯ ಹಳ್ಳಕ್ಕೂ ಬೀಳ್ಬೇಡಿ. ಬಾಗೇಪಲ್ಲಿ ಕಡೆಯ ಒಬ್ಬ ಯಜಮಾನರು, ಮೈಕೈ ನೋವು, ಚೀಟಿಯಲ್ಲಿ ಯಾರೋ "ಸೊಮ್ಯಾಟಿಕ್" ಅಂತ ಬರೆದು ಕಳಿಸಿದ್ರು. ಬಾಯಿ ತೆಗೆಸಿದ್ರೆ ಹಲ್ಲಲ್ಲಿ ಕಂದು ಪಟ್ಟೆ. ಗಲ್ಲ ಎದೆಗೆ ಮುಟ್ಸಿ ಅಂದ್ರೆ ಮುಟ್ಟಲ್ಲ, ಮಂಡಿ ಮಡಚದೆ ಕಾಲ್ಬೆರಳು ಮುಟ್ಟೋಕಾಗಲ್ಲ, ಕೈ ಎತ್ತಿ ತಲೆ ಹಿಂದೆ ಇಡೋಕಾಗಲ್ಲ. ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆ ನಡುವಿನ ಪೊರೆ ಸುಣ್ಣಗಟ್ಟಿತ್ತು. ನೀರಿನಲ್ಲಿರೋ ಫ್ಲೋರೈಡ್‌ನಿಂದ ಬರೋ ಫ್ಲೋರೋಸಿಸ್. ನಮ್ಮ ಬೋರ್‌ವೆಲ್ ನೀರು ಕುಡಿದು ಬೆಳೆದವರನ್ನ ಹಲ್ಲು ನೋಡದೆ ಟೆನ್ಷನ್ ಅನ್ನೋ ಡಾಕ್ಟರಿಗೆ ಈ ಜಿಲ್ಲೆಯಲ್ಲಿ ಕೆಲಸ ಇಲ್ಲ. ಅಲ್ಲಿ ಒಂದು ಎಕ್ಸ್‌ರೇ ಸಾಕಾಯ್ತು, ಯಾಕಂದ್ರೆ ಮೈ ನೋಡಿ ಬರೆದಿದ್ದು.

ಶಿಡ್ಲಘಟ್ಟದ ಅಮ್ಮ ಈಗ ಏಳು ಸಲ ಬಂದಿದಾರೆ. ಎದೆ ಇನ್ನೂ ಹಿಡ್ಕೊಳುತ್ತೆ, ವಾರಕ್ಕೆ ಎರಡು ಸಲ ಅಂತೆ, ಮುಂಚೆ ದಿನಾ ಇತ್ತು. ಅರ್ಧ ದಿನ ರೀಲಿಂಗ್‌ಗೆ ಹೋಗ್ತಾರೆ. ಐದನೇ ಸಲ ಗಂಡ ಜೊತೆಗೆ ಬಂದು ಇನ್ನೊಂದು ಎಂಆರ್‌ಐ ಬರ್ಕೊಡಿ ಅಂತ ಅರ್ಧ ಗಂಟೆ ಜಗಳ ಆಡಿದ, ಅವನ ಕೈಗೂ ಕವರ್ ಕೊಟ್ಟು ನಿಲ್ಲಿಸಿದೆ. ಮುಂದಿನ ತಾರೀಖು ಬರೋ ಗುರುವಾರ. ಅವತ್ತು ನಾನು ರಜೆ, ಡ್ಯೂಟಿಯಲ್ಲಿರೋರು ದಯವಿಟ್ಟು ಪೆನ್ನು ಕೆಳಗಿಟ್ಟು ಮಾತಾಡ್ಸಿ.