ಯಾವ ರೇಷ್ಮೆ ಕಣೇ?

ಶಿಡ್ಲಘಟ್ಟದಲ್ಲಿ ನಾನು ಡ್ರೆಸ್ ಡಿಸೈನಿಂಗ್ ಕಲಿಸುತ್ತೇನೆ. ಈ ವಾರ ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ. ಅಭ್ಯಾಸ ಇಷ್ಟೇ. ಒಬ್ಬರು ಎಲ್ಲೂ ಇಲ್ಲದ ಒಂದು ಉಡುಪನ್ನು ಮನಸ್ಸಲ್ಲಿ ಹೊಲಿದು, ಅದರ ಪ್ರಾಂಪ್ಟ್ ಅನ್ನು, ಅಂದರೆ ಚಿತ್ರ ಬರೆಯುವವರಿಗೆ ಬೇಕಾದ ವಿವರಣೆಯನ್ನು, ಹಾಳೆಯಲ್ಲಿ ಬರೆಯಬೇಕು. ಇನ್ನೊಬ್ಬರು ಆ ಹಾಳೆಯನ್ನಷ್ಟೇ ನೋಡಿ ಚಿತ್ರ ಬರೆಯಬೇಕು. ಕಂಪನಿ ಹೆಸರು, ನಟಿಯರ ಹೆಸರು ಯಾವುದೂ ಬೇಡ ಎಂದು ಮೊದಲೇ ಹೇಳಿರುತ್ತೇನೆ. ಹೆಸರು ಕಂಡ ತಕ್ಷಣ ಬರೆಯುವವರ ಕೈ ಎಲ್ಲೋ ನೋಡಿದ ಫೋಟೋದ ಕಡೆ ಓಡುತ್ತದೆ. ಹಾಳೆಯಲ್ಲಿರುವ ಉಡುಪು ಅಲ್ಲಿಗೇ ಮುಗಿಯಿತು.

ಒಬ್ಬ ಹುಡುಗಿ ಬರೆದದ್ದು ಹೀಗಿತ್ತು: "ಉದ್ದನೆಯ ರೇಷ್ಮೆ ಗೌನು, ಸೊಗಸಾಗಿ ಇಳಿದಿದೆ, ಅಗಲ ತೋಳು, ಹುಡುಗಿ ಸ್ಟೈಲಾಗಿ ನಿಂತಿದ್ದಾಳೆ." ಚಿತ್ರ ಬರೆಯಬೇಕಾದವಳ ಮನೆಯಲ್ಲಿ ನೂಲು ಬಿಚ್ಚುವ ಕೆಲಸ. ಅವಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: "ಯಾವ ರೇಷ್ಮೆ ಕಣೇ? ಅಂಟು ಇರೋದಾ, ತೆಗೆದಿದ್ದಾ?"

ಬರೆದವಳು ಸುಮ್ಮನಾದಳು. ನನಗಂತೂ ಎದ್ದು ಚಪ್ಪಾಳೆ ಹೊಡೆಯಬೇಕು ಅನ್ನಿಸಿತು.

ಏಕೆಂದರೆ ಇಡೀ ಚಿತ್ರ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ರೇಷ್ಮೆಹುಳು ತನ್ನ ಎಳೆಯ ಸುತ್ತ ಸೆರಿಸಿನ್ ಎಂಬ ಅಂಟು ಹಚ್ಚಿರುತ್ತದೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಆ ಅಂಟೇ. ಸೋಪು ನೀರಲ್ಲಿ ಬೇಯಿಸಿ ಅದನ್ನು ತೆಗೆದರೆ ಬಟ್ಟೆ ಮೆತ್ತಗಾಗುತ್ತದೆ, ಹೊಳಪು ಬರುತ್ತದೆ. ಮೈಗೆ ಅಂಟಿಕೊಂಡು, ಸಣ್ಣ ಸಣ್ಣ ಮಡಿಕೆಯಾಗಿ ಇಳಿಯುತ್ತದೆ. ಅಂಟು ಉಳಿಸಿ ನೇಯ್ದ ಆರ್ಗಾಂಜಾದಂಥ ಬಟ್ಟೆ ಹಾಗಲ್ಲ. ತೆಳ್ಳಗಿದ್ದರೂ ಸೆಟೆದು ನಿಲ್ಲುತ್ತದೆ. ಮಡಿಕೆ ಕಡಿಮೆ, ಆದರೆ ಒಂದೊಂದೂ ಅಗಲ. ಬಗ್ಗುವ ಕಡೆ ದುಂಡಗೆ ಬಾಗುವುದಿಲ್ಲ, ಕಾಗದ ಮಡಚಿದ ಹಾಗೆ ಮೂಲೆ ಬೀಳುತ್ತದೆ. "ಸೊಗಸಾಗಿ ಇಳಿದಿದೆ" ಅಂದರೆ ಈ ಎರಡರಲ್ಲಿ ಯಾವುದನ್ನು ಬರೆಯಬೇಕು?

ಬರೆದವಳ ಮನಸ್ಸಲ್ಲಿದ್ದದ್ದು ಸೆಟೆದು ನಿಲ್ಲುವ ತೋಳು. ಆಮೇಲೆ ಮೂವರೂ ಕೂತು ಪ್ರಾಂಪ್ಟ್ ತಿದ್ದಿದೆವು. ವಿಶೇಷಣ ಒಂದೊಂದಾಗಿ ಹೊಡೆದು ಹಾಕಿ, ಬಟ್ಟೆಯನ್ನು ಯಾವುದು ಹಿಡಿದಿದೆ, ಎಲ್ಲಿ ಬಿಟ್ಟಿದೆ ಎಂದು ಬರೆದೆವು:

"ಅಂಟು ತೆಗೆಯದ ತೆಳು ರೇಷ್ಮೆ, ಆಚೆ ಬದಿ ಮಸುಕಾಗಿ ಕಾಣುತ್ತದೆ, ಹೊಳಪು ಕಡಿಮೆ. ಗೌನಿನ ಭಾರವೆಲ್ಲ ಭುಜದ ಮೇಲೆ. ತೋಳಿನ ಬುಡದಲ್ಲಿ ನೆರಿಗೆ ಹಿಡಿದು ಹೊಲಿದಿದೆ, ಅಲ್ಲಿಂದ ತೋಳು ಹೊರಕ್ಕೆ ಉಬ್ಬಿ ನಿಂತಿದೆ. ಮೊಣಕೈ ಮಡಚಿದ ಕಡೆ ಎರಡು ಮೂರು ಚೂಪು ಮುರಿತ. ಪಕ್ಕದ ಹೊಲಿಗೆ ಫ್ರೆಂಚ್ ಸೀಮ್, ಹೊರಗಿನಿಂದ ದಾರ ಕಾಣದು, ಬಟ್ಟೆ ಪದರ ಕೂಡಿರುವ ಕಡೆ ಸಣ್ಣ ಗಾಢ ಗೆರೆ ಮಾತ್ರ. ಭಾರ ಎಡಗಾಲಿನ ಮೇಲೆ, ಎಡ ಸೊಂಟ ಮೇಲೆ, ಎಡ ಭುಜ ತುಸು ಕೆಳಗೆ. ಬಲಗೈ ಸೊಂಟದ ಮೇಲೆ, ಮೊಣಕೈ ಹೊರಕ್ಕೆ."

ಹೊಲಿಗೆಯ ಆ ಸಾಲಿಗೆ ತುಂಬಾ ಹೊತ್ತು ಹಿಡಿಯಿತು. ಹೊಲಿಗೆ ಅಂದರೆ ಚುಕ್ಕಿ ಗೆರೆ ಎಳೆಯುವುದು ಎಂದು ಮಕ್ಕಳಿಗೆ ಅಭ್ಯಾಸವಾಗಿದೆ. ಚುಕ್ಕಿ ಗೆರೆ ಮೇಲ್ಹೊಲಿಗೆಗೆ ಸರಿ. ಫ್ರೆಂಚ್ ಸೀಮ್‌ನಲ್ಲಿ ಬಟ್ಟೆಯ ಅಂಚೆಲ್ಲ ಒಳಗೇ ಮುಚ್ಚಿಹೋಗುತ್ತದೆ. ಪಾರದರ್ಶಕ ಬಟ್ಟೆಯಲ್ಲಿ ಹೊರಗೆ ಕಾಣುವುದು ಆ ಪದರಗಳ ನೆರಳು ಮಾತ್ರ.

ಭಂಗಿಯೂ ಚೆಂದಕ್ಕಷ್ಟೇ ಅಲ್ಲ. ಒಂದು ಕಾಲಿಗೆ ಭಾರ ಕೊಟ್ಟರೆ ಆ ಕಡೆಯ ಸೊಂಟ ಬಟ್ಟೆಯನ್ನು ಎತ್ತುತ್ತದೆ, ಮಡಿಕೆಗಳು ಅಲ್ಲಿಂದ ಓರೆಯಾಗಿ ಹೊರಡುತ್ತವೆ. ಮೊಣಕೈ ಮಡಚದೆ ಆ ಚೂಪು ಮುರಿತಗಳು ಕಾಣುವುದೇ ಇಲ್ಲ, ಅಲ್ವಾ? ಕೈ ಕೆಳಗೆ ಬಿಟ್ಟಿದ್ದರೆ ತೋಳು ಯಾವ ಬಟ್ಟೆಯದೋ ಏನೋ.

ತಿದ್ದಿದ ಪ್ರಾಂಪ್ಟ್ ನೋಡಿ ಬರೆದ ಚಿತ್ರ ಬಂತು. ಅದನ್ನು ನೋಡಿ ಗೌನು ಕತ್ತರಿಸಬಹುದಿತ್ತು. ಆದರೆ ಅವತ್ತು ನಮ್ಮಲ್ಲಿಗೆ ಬಂದಿದ್ದ ಹಿರಿಯರೊಬ್ಬರಿಗೆ, ಯಾರೋ ಮೊದಲ ಪ್ರಾಂಪ್ಟ್ ನೋಡಿ ಗೀಚಿದ್ದ ಪಳಪಳ ಹೊಳೆಯುವ ಗೌನೇ ಹಿಡಿಸಿತು. "ರೇಷ್ಮೆ ಅಂದ್ರೆ ಹೊಳೀಬೇಕಮ್ಮ" ಅಂದರು. ನನಗೆ ಸಿಟ್ಟು ಬಂತು. ಗೂಡು, ನೂಲು ಅಂತಲೇ ಬದುಕುವ ಊರು ಇದು. ಬಿಸಿನೀರಲ್ಲಿ ಗೂಡು ಅದ್ದಿ ಎಳೆ ಹಿಡಿಯುವ ಹೆಂಗಸರ ಬೆರಳಿಗೆ ಅಂಟು ಎಷ್ಟಿದೆ, ಎಳೆ ಹೇಗೆ ನಿಲ್ಲುತ್ತದೆ ಎಲ್ಲ ಗೊತ್ತು. ಅವರ ಆ ತಿಳಿವಳಿಕೆ ಫ್ಯಾಷನ್ ಬರಹದೊಳಗೆ ಬರುವುದೇ ಇಲ್ಲ. ಅಲ್ಲಿ ಬರೀ ಹೊಳಪು, ಸೊಬಗು, ರಾಜಕಳೆ. ಆ ಹುಡುಗಿ ಕೇಳಿದ್ದು ಅವಳ ಅಮ್ಮ ದಿನಾ ಮುಟ್ಟುವ ವಿಷಯ. ಕಲಿತವರು ಬರೆಯುವ ಪ್ರಾಂಪ್ಟಿನಲ್ಲಿ ಅದೇ ಇರಲಿಲ್ಲ.

ಮುಂದಿನ ತರಗತಿಗೆ ಇದೇ ಗೌನನ್ನು ಅಂಟು ತೆಗೆದ ರೇಷ್ಮೆಯಲ್ಲಿ ಬರೆಯಲು ಹೇಳಿದ್ದೇನೆ. ಕಟಿಂಗ್ ಅದೇ, ಹೊಲಿಗೆ ಅದೇ, ಭಂಗಿ ಅದೇ. ತೋಳಿನ ಸಾಲು ಹೇಗೆ ಬದಲಾಗುತ್ತದೆ ಎಂದು ಇಬ್ಬರೂ ಈಗಲೇ ಜಗಳ ಶುರು ಮಾಡಿದ್ದಾರೆ.